ಊರಿನ ಹೆಸರು ಕೆಡಿಸಿದ್ದು ಬರೆದವರಲ್ಲ (ಭಾಗ 3)

ಯಾರಾದ್ರೂ ‘ತೀಥರ್ಹಳ್ಳಿ’ ಅಂತ ಪೋಸ್ಟ್ ಹಾಕಿದ್ರೆ ಸಾಕು, ಕಮೆಂಟಲ್ಲಿ ಮೇಷ್ಟ್ರುಗಳ ಸಾಲು. ‘ಊರಿನ ಹೆಸರೇ ಬರೆಯೋಕೆ ಬರಲ್ವಾ?’

ಸ್ವಲ್ಪ ತಡೀರಿ ಮಾರಾಯ್ರೇ. ಕೈಯಲ್ಲಿ ಟೈಪ್ ಮಾಡುವವರು ಈ ತಪ್ಪು ಮಾಡೋದು ಅಪರೂಪ. ಇದು ಕಾಪಿ-ಪೇಸ್ಟಿನ ಗುರುತು.

ಕಾರಣ ಅರ್ಕಾವತ್ತು. ‘ರ್ಥ’ ಓದುವಾಗ ರಕಾರ ಮೊದಲು; ಬರೆಯುವಾಗ ಅರ್ಕಾವತ್ತು ಥ ಆದ ಮೇಲೆ. ಯೂನಿಕೋಡ್ ಓದುವ ಕ್ರಮದಲ್ಲಿ ಇಡುತ್ತದೆ. ಹಳೆಯ ನುಡಿ ಫಾಂಟ್ ಕಾಣುವ ಕ್ರಮದಲ್ಲಿ ಇಡುತ್ತಿತ್ತು. ಆ ಫಾಂಟ್ ಇಲ್ಲದ ಫೋನಿನಲ್ಲಿ ನಮ್ಮೂರು ಹೀಗೆ ಕಾಣುತ್ತೆ:

```
wÃxÀðºÀ½î
```

ಇದರಲ್ಲಿ ð ಅನ್ನೋದೇ ಅರ್ಕಾವತ್ತು. ಯೂನಿಕೋಡಿಗೆ ಬದಲಿಸುವಾಗ ಅದನ್ನು ಎತ್ತಿ ಥಕಾರಕ್ಕಿಂತ ಮೊದಲು ಇಡಬೇಕು. ಅರೆಬರೆ ಕನ್ವರ್ಟರ್ ಇದ್ದಲ್ಲೇ ‘ರ್’ ಮಾಡಿ ಕೈತೊಳೆದುಕೊಳ್ಳುತ್ತೆ. ಎಷ್ಟೋ ಪಿಡಿಎಫ್‌ಗಳಿಂದ ಕಾಪಿ ಮಾಡಿದಾಗಲೂ ಇದೇ ಕಥೆ: ಪುಟದಲ್ಲಿ ಸರಿ, ಪೇಸ್ಟ್ ಮಾಡಿದರೆ ತಪ್ಪು. ಆ ‘ರ್’ ಹೋಗಿ ಮುಂದಿನ ಹಕಾರಕ್ಕೆ ಅಂಟಿಕೊಳ್ಳುತ್ತೆ. ಕರ್ನಾಟಕ ‘ಕನಾರ್ಟಕ’ ಆಗೋದೂ ಹೀಗೇ.

‘ರಿಪ್ಲೇಸ್ ಕೊಟ್ರೆ ಆಯ್ತಲ್ಲ’ ಅಂತೀರಾ? ‘ಅರ್ಹ’ ಪದದಲ್ಲಿ ರ್ಹ ಸರಿಯಾಗೇ ಇದೆ. ಎಲ್ಲಾ ರ್ಹ ಹುಡುಕಿ ಹಿಂದೆ ತಳ್ಳಿದರೆ ಅರ್ಹರೆಲ್ಲ ಹಾಳು. ಮೂಲ ಫೈಲನ್ನೇ ಸರಿಯಾಗಿ ಬದಲಿಸಬೇಕು.

ಹೊಸನಗರದ್ದು ಇನ್ನೊಂದು ತೊಂದರೆ. ‘ಹೊ’ದ ಒಕಾರವನ್ನು ಎರಡು ರೀತಿ ಇಡಬಹುದು:

```
U+0CCA
U+0CC6 U+0CC2
```

ಒಂದು ಇಡೀ ಚಿಹ್ನೆ, ಇನ್ನೊಂದು ಎರಡು ತುಂಡು. ಎರಡೂ ಒಂದೇ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಇದನ್ನು ಪಾಲಿಸದ ಆ್ಯಪಿನಲ್ಲಿ ಹೊಸನಗರ ಅಂತ ಹುಡುಕಿದರೆ ಎದುರಿಗಿರುವ ಹೊಸನಗರವೇ ಸಿಗಲ್ಲ. ತುಂಡಾಗಿದೆಯಾ ಅಂತ ನೋಡೋಕೆ ‘ಹೊ’ ಮುಂದೆ ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. ಒಂದೊಂದೇ ಚಿಹ್ನೆ ಅಳಿಸುವ ಆ್ಯಪಿನಲ್ಲಿ ‘ಹೆ’ ಉಳಿದರೆ ತುಂಡು, ‘ಹ’ ಉಳಿದರೆ ಇಡಿ.

ಸಾಗರದಲ್ಲಿ ಅರ್ಕಾವತ್ತೂ ಇಲ್ಲ, ಒಡೆಯುವ ಸ್ವರವೂ ಇಲ್ಲ. ಅದಕ್ಕೇ ಅಲ್ಲಿಯವರು ‘ನಮ್ದು ಸರಿಯಾಗೇ ಇದೆಯಲ್ಲ’ ಅಂತ ಆರಾಮಾಗಿರಬಹುದು!

ಪ್ರಕಟಣೆ ಹೊರಡಿಸುವವರಿಗೆ ಒಂದೇ ಮಾತು. ಪಿಡಿಎಫ್ ಹಾಕುವ ಮೊದಲು ಅರ್ಕಾವತ್ತಿರುವ ಒಂದು ಸಾಲು ಕಾಪಿ ಮಾಡಿ ನೋಟ್ಸ್‌ನಲ್ಲಿ ಪೇಸ್ಟ್ ಮಾಡಿ. ಕೆಟ್ಟಿದ್ದರೆ ಕಳಿಸಬೇಡಿ. ಸ್ಕ್ರೀನ್‌ಶಾಟ್ ಇದಕ್ಕೆ ಪರಿಹಾರ ಅಲ್ಲ. ಚಿತ್ರದೊಳಗಿನ ಅಕ್ಷರವನ್ನು ಹುಡುಕೋಕೆ ಕಷ್ಟ, ಕಣ್ಣು ಕಾಣದವರ ಫೋನು ಅದನ್ನು ನೆಟ್ಟಗೆ ಓದಿ ಹೇಳೋದೂ ಕಷ್ಟ.

ಕಮೆಂಟಿನ ಮೇಷ್ಟ್ರುಗಳೇ, ಇನ್ನು ಮುಂದೆ ‘ಕನ್ನಡ ಬರಲ್ವಾ’ ಅನ್ನೋ ಬದಲು ‘ಎಲ್ಲಿಂದ ಕಾಪಿ ಮಾಡಿದ್ರಿ’ ಅಂತ ಕೇಳಿ.

#ಕನ್ನಡ #ಯೂನಿಕೋಡ್ #ಅರ್ಕಾವತ್ತು #ತೀರ್ಥಹಳ್ಳಿ #ಹೊಸನಗರ #ಸಾಗರ