ಭೋಗ್ಯಕ್ಕೆ ಇಂಗ್ಲಿಷ್ ಏನು?

ಬೆಂಗಳೂರಿನ ನಮ್ಮ ಬೀದಿಯ ಮನೆಯೊಂದರ ಗೇಟಿಗೆ ಬೋರ್ಡು ಬಿದ್ದಿತ್ತು. ಮೇಲೆ ಕನ್ನಡದಲ್ಲಿ ‘ಮನೆ ಭೋಗ್ಯಕ್ಕಿದೆ, ಮೂರು ವರ್ಷ, 12 ಲಕ್ಷ’, ಕೆಳಗೆ ಇಂಗ್ಲಿಷಿನಲ್ಲಿ ‘ಲೀಸ್’, ಅದೇ ಮೂರು ವರ್ಷ, ಅದೇ 12 ಲಕ್ಷ. ಒಡಿಶಾದಿಂದ ಬಂದ ಹುಡುಗನೊಬ್ಬ ಬೋರ್ಡು ಓದಿ, ಮನೆಯೊಡತಿಯನ್ನು ಕೇಳಿದ: “ಮೂರು ವರ್ಷದ ಬಾಡಿಗೆ 12 ಲಕ್ಷ ಒಟ್ಟಿಗೇ ಕೊಡಬೇಕಾ?”

“ನೀವೇ ಸರಿಯಾಗಿ ಬರ್ಕೊಡಿ ಮೇಷ್ಟ್ರೇ” ಎಂದು ಆಕೆ ನನ್ನ ಹತ್ತಿರ ಬಂದರು.

ಭೋಗ್ಯ ಎಂದರೆ ಅನುಭವಿಸತಕ್ಕದ್ದು. ಸಂಸ್ಕೃತದ ‘ಭುಜ್’ ಧಾತುವಿನದು, ಭೋಜನದ ಒಡಹುಟ್ಟು. ತಮಾಷೆಯೆಂದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮು ಲೀಸನ್ನು ವಿವರಿಸುವುದೂ ‘ಅನುಭವಿಸುವ ಹಕ್ಕಿನ ವರ್ಗಾವಣೆ’ ಎಂದೇ. ಹಾಗಾದರೆ ಬೋರ್ಡು ಸರಿಯೇ? ಅಲ್ಲ. ಕಾಯ್ದೆಯ ಲೀಸಿನಲ್ಲಿ ಅನುಭವಕ್ಕೆ ಪ್ರತಿಯಾಗಿ ಬೆಲೆಯೋ ಬಾಡಿಗೆಯೋ ತೆರಬೇಕು. ನಮ್ಮ ಭೋಗ್ಯದ ಲೆಕ್ಕಾಚಾರ ಅದೇ ಕಾಯ್ದೆಯ 58ನೇ ಕಲಮಿನ ಸ್ವಾಧೀನ ಅಡಮಾನಕ್ಕೆ ಹೆಚ್ಚು ಹತ್ತಿರ: ಹಣ ಕೊಟ್ಟವನು ಬಡ್ಡಿಯ ಬದಲು ಸ್ವತ್ತನ್ನು ಅನುಭವಿಸುತ್ತಾನೆ, ಅಸಲು ತಿರುಗಿ ಬಂದಾಗ ಬಿಟ್ಟುಕೊಡುತ್ತಾನೆ. ಇದಕ್ಕೊಂದು ಇಂಗ್ಲಿಷ್ ಪದ ಸಿಕ್ಕೀತೆಂದು ಎರಡು ಸಂಜೆ ನಿಘಂಟು ಕೆದಕಿದೆ.

ಮೂರನೆಯ ದಿನ ಕಲಬುರಗಿಯ ದಂಪತಿ ಬಂದರು. ಅಚ್ಚ ಕನ್ನಡಿಗರು. ಅವರೂ ಕೇಳಿದರು: “ರೊಕ್ಕ ವಾಪಸ್ ಬರ್ತದೇನ್ರಿ? ಮ್ಯಾಲ ತಿಂಗಳ ಬಾಡಿಗಿ ಎಷ್ಟು?” ನಾನು ನಿಘಂಟು ಮುಚ್ಚಿದೆ. ಹುಡುಗನಿಗೆ ತಿಳಿಯದಿದ್ದದ್ದು ಕನ್ನಡವಲ್ಲ, ಬೆಂಗಳೂರಿನ ವಾಡಿಕೆ.

ಕೊನೆಗೆ ಎರಡು ಭಾಷೆಯಲ್ಲೂ ಒಂದೇ ಸಾಲುಗಳನ್ನು ಬರೆದೆ. ‘ಭೋಗ್ಯ’, ‘ಲೀಸ್’ ಶೀರ್ಷಿಕೆಯಲ್ಲಿ ಹಾಗೇ ಉಳಿದವು, ಹುಡುಕುವವರ ಕಣ್ಣಿಗೆ ಬೀಳುವುದು ಅವೇ ಪದಗಳು. ಕೆಳಗೆ: ‘ತಿಂಗಳ ಬಾಡಿಗೆ ಇಲ್ಲ. 12 ಲಕ್ಷ ಠೇವಣಿ. ಮೂರು ವರ್ಷದ ನಂತರ ಮನೆ ಬಿಟ್ಟ ದಿನ ಪೂರ್ತಿ ವಾಪಸ್. ಬಣ್ಣಕ್ಕೆ ಏನೂ ಹಿಡಿಯುವುದಿಲ್ಲ. ಕರೆಂಟ್, ನೀರಿನ ಬಿಲ್ಲು ನಿಮ್ಮದು.’ ಬಣ್ಣದ ಮಾತು ಬರೆಸಲು ಅರ್ಧ ಗಂಟೆ ವಾದಿಸಬೇಕಾಯಿತು. ಬಿಡುವಾಗ ಬಣ್ಣದ ಹೆಸರಿನಲ್ಲಿ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿ ಮಾಮೂಲು, ಭೋಗ್ಯದಲ್ಲಿ ಬಾಡಿಗೆಯೇ ಇಲ್ಲದ್ದರಿಂದ ಎಷ್ಟು ಮುರಿಯುತ್ತಾರೋ ಯಾರಿಗೆ ಗೊತ್ತು?

ಇನ್ನೊಂದು ಸಾಲು ಸೇರಿಸಿದೆ: ‘ಮನೆಯ ಮೇಲೆ ಬ್ಯಾಂಕ್ ಸಾಲ ಇಲ್ಲ; ಇಸಿ ನೋಡಬಹುದು. ಕರಾರು ನೋಂದಣಿ ಮಾಡಿಸುತ್ತೇವೆ.’ ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಛಾಪಾ ಕಾಗದ ನಂಬಿ 12 ಲಕ್ಷ ಕೊಟ್ಟವನು, ಹಳೆಯ ಸಾಲಕ್ಕೆ ಬ್ಯಾಂಕು ಮನೆಯನ್ನೇ ಹರಾಜಿಗಿಟ್ಟರೆ ಬೀದಿಗೆ ಬೀಳುತ್ತಾನೆ.

ಆಕೆ ಆ ಸಾಲನ್ನು ಎರಡು ಸಲ ಓದಿದರು. “ಸಾಲದ್ದು ಬೇಡ ಬಿಡಿ ಮೇಷ್ಟ್ರೇ” ಎಂದರು.