ಇನ್ನೂರ ಮೂವತ್ತನಾಲ್ಕು ಪೈಜಾಮಗಳೂ ನಮ್ಮ ಮಕ್ಕಳ ನಗುವೂ

ಪ್ಲಸ್ ಟೂ ಮುಗಿಸಿ ಹೊರದೇಶದ ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳು ನಮ್ಮ ಗಡಿನಾಡಿನ ಕನ್ನಡ ಶಾಲೆಗಳಿಂದಲೂ ಒಬ್ಬಿಬ್ಬರು ಹೊರಡತೊಡಗಿದ್ದಾರೆ. ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕು. ಅಲ್ಲಿಂದ ಶುರು ನೋಡಿ ಉಪದೇಶದ ಸುರಿಮಳೆ. ಪೇಟೆಯ ಏಜೆನ್ಸಿಯವರು ಹೇಳುತ್ತಾರೆ: "ಮೊದಲ ಸಾಲಿನಲ್ಲೇ ನಗಿಸಿಬಿಡು, ಸೀಟು ಸಿಕ್ಕಿತು ಅಂತಲೇ ಲೆಕ್ಕ." ನಮ್ಮ ಸ್ಟಾಫ್ ರೂಮಿನ ಹಿರಿಯರು ಹೇಳುತ್ತಾರೆ: "ಅರ್ಜಿಯಲ್ಲಿ ಎಂಥ ತಮಾಷೆ ಮಾರಾಯ? ಗಂಭೀರವಾಗಿ ಬರಿ." ಎರಡೂ ತಪ್ಪು ಎಂಬುದು ನಮ್ಮ ವಾದ. ಮೊದಲನೆಯದು ಮಕ್ಕಳನ್ನು ವಿದೂಷಕರನ್ನಾಗಿ ಮಾಡುತ್ತದೆ, ಎರಡನೆಯದು ಕಲ್ಲುಗೊಂಬೆಗಳನ್ನಾಗಿ.

ಮೊದಲು ಈ ಪ್ರಬಂಧ ಏನೆಂದು ತಿಳಿಯೋಣ. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ 'ಕಾಮನ್ ಆಪ್' ಎಂಬ ಒಂದೇ ಅರ್ಜಿಯ ಮೂಲಕ ಸೇರಲು ಕೇಳಿಕೊಳ್ಳಬಹುದು. ಅದರ ಮುಖ್ಯ ಪ್ರಬಂಧಕ್ಕೆ 250ರಿಂದ 650 ಪದಗಳ ಮಿತಿ. ಮಾರ್ಕು, ಶಿಕ್ಷಕರ ಪತ್ರ, ಆಟಪಾಠ ಎಲ್ಲ ಅರ್ಜಿಯ ಬೇರೆ ಜಾಗಗಳಲ್ಲಿ ಈಗಾಗಲೇ ಇರುತ್ತವೆ. ಓದುವವರು ಹುಡುಗಿಯ ಮುಖ ನೋಡಿಲ್ಲ, ದನಿ ಕೇಳಿಲ್ಲ. ದಿನವಿಡೀ ರಾಶಿ ರಾಶಿ ಅರ್ಜಿ ಓದುವ ಅವರು ಈ ಪ್ರಬಂಧಕ್ಕೆ ಕೊಡುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅವರಿಗೆ ತಿಳಿಯಬೇಕಾದದ್ದು ಒಂದೇ: ಈ ಮಗು ತನ್ನ ಸುತ್ತಲಿನದನ್ನು ಹೇಗೆ ನೋಡುತ್ತದೆ, ನೋಡಿದ್ದರಿಂದ ಏನು ಯೋಚಿಸುತ್ತದೆ? ನಗು ಆ ನೋಟದ ಒಳಗಿಂದ ಬಂದರೆ ಕೆಲಸ ಮಾಡುತ್ತದೆ. ಹೊರಗಿನಿಂದ ತಂದು ಅಂಟಿಸಿದರೆ ಬಿದ್ದು ಹೋಗುತ್ತದೆ.

ಅಂಟಿಸಿದ ನಗು ಹೇಗೆ ಬೀಳುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಸಂಗ ಸಾಕು. ಅಲ್ಲಿ ಪದವಿ ಪ್ರವೇಶದ ಅರ್ಜಿಗಳೆಲ್ಲ 'ಯುಕಾಸ್' ಎಂಬ ಸಂಸ್ಥೆಯ ಮೂಲಕ ಹೋಗುತ್ತವೆ. 2007ರಲ್ಲಿ ಆ ಸಂಸ್ಥೆ ಸುಮಾರು 50,000 ಅರ್ಜಿದಾರರ ಹೇಳಿಕೆಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೋಲಿಸಿ ನೋಡಿತು. ಅವುಗಳಲ್ಲಿ 234 ಹೇಳಿಕೆಗಳಲ್ಲಿ ಒಂದೇ ಕಥೆ! ಎಂಟನೇ ವಯಸ್ಸಿನಲ್ಲಿ ರಸಾಯನಶಾಸ್ತ್ರದ ಆಟಿಕೆ ಪೆಟ್ಟಿಗೆಯಲ್ಲಿ ಏನೋ ಪ್ರಯೋಗ ಮಾಡಲು ಹೋಗಿ ತಮ್ಮ ಪೈಜಾಮಕ್ಕೆ ತೂತು ಸುಟ್ಟುಕೊಂಡರಂತೆ, ಅಂದಿನಿಂದ ವಿಜ್ಞಾನದ ಮೇಲೆ ಪ್ರೀತಿಯಂತೆ. ಇನ್ನೂರ ಮೂವತ್ತನಾಲ್ಕು ಮಕ್ಕಳು, ಇನ್ನೂರ ಮೂವತ್ತನಾಲ್ಕು ಪೈಜಾಮ, ಎಲ್ಲದಕ್ಕೂ ತೂತು!

ಆ ಸಾಲನ್ನು ಮೊತ್ತಮೊದಲು ಬರೆದವನ ಬಗ್ಗೆ ನಮಗೆ ತಕರಾರಿಲ್ಲ. ಅವನ ಪೈಜಾಮ ನಿಜವಾಗಿಯೂ ಸುಟ್ಟಿರಬಹುದು. ಅದು ಒಳ್ಳೆಯ ಸಾಲೇ. ನಗುವುದು ಅವನನ್ನೇ ನೋಡಿ, ಬೇರೆಯವರನ್ನಲ್ಲ. ಕಣ್ಣಿಗೆ ಕಟ್ಟುವಂತಿದೆ, ಕುತೂಹಲವನ್ನೂ ತೋರಿಸುತ್ತದೆ. ಅಷ್ಟು ಚೆನ್ನಾಗಿದ್ದದ್ದರಿಂದಲೇ ಅದು ಮಾದರಿ ಪ್ರಬಂಧಗಳಲ್ಲಿ ಸೇರಿಕೊಂಡು ಕೆಟ್ಟಿತು. ಗಂಭೀರ ಸಾಲನ್ನು ನಕಲು ಮಾಡಿದರೆ ಓದುವವನಿಗೆ ಬೇಗ ಗೊತ್ತಾಗದು, ಎಲ್ಲ ಗಂಭೀರ ಸಾಲೂ ಒಂದೇ ಥರ ಇರುತ್ತವೆ. ತಮಾಷೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಎರಡನೇ ಸಲ ಕೇಳಿದ ಕೂಡಲೇ ಸಿಕ್ಕಿಬೀಳುತ್ತದೆ. ಮಾದರಿ ಪುಸ್ತಕದಿಂದ ನಗು ಕಡ ತರುವುದೆಂದರೆ ಊರಿಗೆಲ್ಲ ಗೊತ್ತಿರುವ ಸೀರೆ ಕಡ ತಂದು ಮದುವೆಗೆ ಹೋದ ಹಾಗೆ.

ಈಗ ಎರಡನೇ ಪಕ್ಷದವರ ಸರದಿ, ಅಂದರೆ ನಮ್ಮ ಮೇಷ್ಟ್ರುಗಳದ್ದು. ನಾವು ಕಲಿಸುವ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. 'ಗ್ರಂಥಾಲಯಗಳ ಮಹತ್ವ', 'ಪರಿಸರ ಸಂರಕ್ಷಣೆ'. ಅದರಲ್ಲಿ 'ನಾನು' ಬರುವಂತಿಲ್ಲ, ನಗು ಬಂದರೆ ಕೆಂಪು ಶಾಯಿ. ಇದೇ ಅಚ್ಚಿನಲ್ಲಿ ಪ್ರವೇಶ ಪ್ರಬಂಧ ಬರೆದ ಮಗು "ಶಿಕ್ಷಣವು ಮಾನವನ ಮೂರನೇ ಕಣ್ಣು" ಎಂದು ಆರಂಭಿಸುತ್ತದೆ. ಓದುವವರಿಗೆ ಮೂರು ಕಣ್ಣು ಕಾಣುತ್ತವೆ, ಮಗು ಕಾಣುವುದಿಲ್ಲ!

ಅಸಲಿಗೆ ಆ ಕಾಲೇಜುಗಳು ಕೇಳುವುದಕ್ಕೆ ಹತ್ತಿರದ ನಂಟ ನಮ್ಮಲ್ಲೇ ಇದ್ದಾನೆ. ಅವನ ಹೆಸರು ಲಲಿತ ಪ್ರಬಂಧ. ಗೊರೂರು, ಎ.ಎನ್. ಮೂರ್ತಿರಾವ್ ಅವರನ್ನು ಓದಿದವರಿಗೆ ಇದು ಹೊಸದಲ್ಲ. ಸಣ್ಣ ಸಂಗತಿ ಒಂದನ್ನು ಹಿಡಿದು, ತನ್ನನ್ನೇ ಸ್ವಲ್ಪ ನಕ್ಕು, ನಗುತ್ತ ನಗುತ್ತ ಒಂದು ನಿಜವಾದ ಯೋಚನೆಗೆ ಬಂದು ನಿಲ್ಲುವ ಬರವಣಿಗೆ ಅದು. ಪಠ್ಯದಲ್ಲಿ ಲಲಿತ ಪ್ರಬಂಧ ಪಾಠ ಮಾಡುವ ನಾವೇ ಮಕ್ಕಳ ಕೈಯಲ್ಲಿ ಅದನ್ನು ಬರೆಸುವುದಿಲ್ಲವಲ್ಲ, ಇದಕ್ಕೇನೆನ್ನಬೇಕು?

ಒಂದು ಉದಾಹರಣೆ ಕಟ್ಟಿ ನೋಡೋಣ. ಕಾಸರಗೋಡಿನ ಕನ್ನಡ ಮಾಧ್ಯಮದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಅಜ್ಜನಿಗೆ ಮಲಯಾಳ ಓದಲು ಬಾರದು. ಪಂಚಾಯತಿನಿಂದ ಬರುವ ಕಾಗದಗಳನ್ನೆಲ್ಲ ಓದಿ ಹೇಳುವುದು ಅವಳ ಕೆಲಸ. ಅದರ ಮೇಲೆ ಪ್ರಬಂಧ ಬರೆಯಬೇಕೆಂದು ಹೊರಟಿದ್ದಾಳೆ, ವಿಷಯ ಚಿನ್ನದಂಥದ್ದು.

ಮೊದಲ ಪ್ರತಿಯಲ್ಲಿ ಅವಳು ಅಜ್ಜನನ್ನು ಇಟ್ಟುಕೊಂಡು ನಗಿಸುತ್ತಾಳೆ. ಅಜ್ಜ ಕಾಗದವನ್ನು ತಲೆಕೆಳಗಾಗಿ ಹಿಡಿಯುತ್ತಾರೆ, ಹೆಬ್ಬೆಟ್ಟಿನ ಶಾಯಿಯನ್ನು ಪಂಚೆಗೆ ಒರಸುತ್ತಾರೆ, ಇತ್ಯಾದಿ. ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಾರು, ಏಕೆಂದರೆ ಅಜ್ಜನ ಮೇಲೆ ಅವಳಿಗಿರುವ ಪ್ರೀತಿ ಮನೆಯವರಿಗೆ ಗೊತ್ತು. ದೂರದ ಓದುಗರಿಗೆ ಅದು ಗೊತ್ತಿಲ್ಲ. ಕಾಗದದ ಮೇಲೆ ಅವರಿಗೆ ಕಾಣುವುದು ಓದು ಕಲಿತ ಮೊಮ್ಮಗಳು ಓದು ಬಾರದ ಮುದುಕನನ್ನು ನೋಡಿ ನಗುವುದು. ಬಲವಿಲ್ಲದವರನ್ನು ಗುರಿಮಾಡಿದ ತಮಾಷೆ ಸಪ್ಪೆಯಾಗುವುದಷ್ಟೇ ಅಲ್ಲ, ಬರೆದವಳ ಬಗ್ಗೆಯೇ ಕೆಟ್ಟದ್ದು ಹೇಳುತ್ತದೆ.

ಎರಡನೇ ಪ್ರತಿಯಲ್ಲಿ ಅವಳು ಮಾತಿನ ಚಮತ್ಕಾರಕ್ಕೆ ಇಳಿಯುತ್ತಾಳೆ. ಕಾಗದದಲ್ಲಿ 'ಅವಸಾನ ಅವಸರಂ' ಎಂದಿತ್ತು. ಮಲಯಾಳದಲ್ಲಿ 'ಕೊನೆಯ ಅವಕಾಶ' ಎಂದರ್ಥ. ಗಟ್ಟಿಯಾಗಿ ಓದಿದಾಗ ಅಜ್ಜನಿಗೆ ಕೇಳಿಸಿದ್ದು ಕನ್ನಡದ ಅವಸಾನ, ಕನ್ನಡದ ಅವಸರ. ಸಾವಿಗೇ ಗಡಿಬಿಡಿ! ನಾವು ಕಾಸರಗೋಡಿನವರು ಇದಕ್ಕೆ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಏನಾಗುತ್ತದೆ? ಎರಡು ಪದ, ಎರಡು ಭಾಷೆ, ಒಟ್ಟು ನಾಲ್ಕು ಅರ್ಥ. ನಾಲ್ಕನ್ನೂ ಬಿಡಿಸಿ ಹೇಳುವಷ್ಟರಲ್ಲಿ ನೂರು ಪದ ಖರ್ಚು, ನಗು ಆರಿದ ಚಹಾ. ಎಷ್ಟೇ ಒಳ್ಳೆಯದಾದರೂ ಇದನ್ನು ಬಿಡಬೇಕು.

ಮೂರನೇ ಪ್ರತಿಗೆ ಅವಳು ತನ್ನದೇ ಫಜೀತಿ ಹುಡುಕುತ್ತಾಳೆ. ಪಿಂಚಣಿ ಪಟ್ಟಿಯಲ್ಲಿ ಅಜ್ಜನ ಹೆಸರಿದೆಯೇ ಎಂದು ಕೇಳಲು ಪಂಚಾಯತಿಗೆ ಹೋದದ್ದು. ಅವಳು ಬರೆಯುತ್ತಾಳೆ: "ನನ್ನ ಭಾಷೆಯಲ್ಲಿ ಪಟ್ಟಿ ಎಂದರೆ ಹೆಸರುಗಳ ಸಾಲು. ಗುಮಾಸ್ತರ ಭಾಷೆಯಲ್ಲಿ ಪಟ್ಟಿ ಎಂದರೆ ನಾಯಿ. ಹನ್ನೆರಡನೇ ವಯಸ್ಸಿನಲ್ಲಿ ನಾನು, ತುಂಬ ವಿನಯದಿಂದ, ನಿಮ್ಮ ನಾಯಿಯೊಳಗೆ ನಮ್ಮ ಅಜ್ಜ ಇದ್ದಾರೆಯೇ ಎಂದು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, ನಾಯಿಯಲ್ಲಿ ಇಲ್ಲ ಮಗಳೇ, ಪಟ್ಟಿಕೆಯಲ್ಲಿ ನೋಡೋಣ ಎಂದರು."

ಇದು ಏಕೆ ನಿಲ್ಲುತ್ತದೆ? ಬೇಕಾದ ಎರಡು ಅರ್ಥಗಳನ್ನು ಅವಳು ನಗುವಿಗೆ ಮೊದಲೇ ಕೊಟ್ಟಿದ್ದಾಳೆ. ನಗು ಬಂದ ಮೇಲೆ ವಿವರಣೆ ಕೊಟ್ಟರೆ ಎರಡೂ ಹಾಳು. ನಗುವುದು ಅವಳನ್ನು ನೋಡಿ. ಅಜ್ಜನ ಮಾನ ಉಳಿಯಿತು, ಗುಮಾಸ್ತರೂ ಒಳ್ಳೆಯವರಾಗಿಯೇ ಉಳಿದರು. ಮುಖ್ಯವಾದದ್ದು ಇದರ ನಂತರ ಬರುತ್ತದೆ. ಅಂದಿನಿಂದ ಅವಳು ಒಂದು ನೋಟ್‌ಬುಕ್ಕಿನಲ್ಲಿ ಇಂಥ ಪದಗಳನ್ನು ಬರೆದಿಡುತ್ತಾಳೆ. ಗೊತ್ತಿಲ್ಲದ ಪದ ಅಷ್ಟು ಅಪಾಯವಲ್ಲ, ಯಾರನ್ನಾದರೂ ಕೇಳುತ್ತೇವೆ; ಗೊತ್ತಿದೆ ಎಂದುಕೊಂಡ ಪದವೇ ದಾರಿ ತಪ್ಪಿಸುತ್ತದೆ, ಏಕೆಂದರೆ ನಾವು ಕೇಳುವುದೇ ಇಲ್ಲ ಎಂಬ ತಿಳಿವಿಗೆ ಬರುತ್ತಾಳೆ. ಆಮೇಲೆ ಪ್ರಬಂಧದಲ್ಲಿ ಇನ್ನೊಂದು ತಮಾಷೆ ಇಲ್ಲ. ಬೇಕಾಗಿಯೂ ಇಲ್ಲ. ನಗು ಬಾಗಿಲು ತೆಗೆಯಿತು, ಒಳಗೆ ಒಂದು ಯೋಚನೆ ಕೂತಿತ್ತು. ಮೊದಲ ಎರಡು ಪ್ರತಿಗಳಲ್ಲಿ ಬಾಗಿಲು ತೆಗೆದರೆ ಒಳಗೆ ಖಾಲಿ.

ಪರೀಕ್ಷೆ ಸುಲಭ. ತಮಾಷೆಯ ಸಾಲನ್ನು ಹೊಡೆದುಹಾಕಿ ನೋಡಿ. ಪ್ರಬಂಧಕ್ಕೆ ಏನೂ ನಷ್ಟವಾಗದಿದ್ದರೆ ಅದು ಅಂಟಿಸಿದ್ದು, ಹೋಗಲಿ ಬಿಡಿ. ಪಟ್ಟಿಯ ಪ್ರಸಂಗ ತೆಗೆದರೆ ನೋಟ್‌ಬುಕ್ಕಿಗೆ ಕಾರಣವೇ ಇಲ್ಲವಾಗುತ್ತದೆ. ಹಾಗಾಗಿ ಅದು ಇರಲೇಬೇಕು. ಇನ್ನೊಂದು ಪರೀಕ್ಷೆಯೂ ಉಂಟು. ಹುಡುಗಿಯನ್ನು ಬಲ್ಲದವರ ಕೈಗೆ ಕೊಟ್ಟು, ಅವಳು ಎದುರಿಗಿಲ್ಲದಾಗ ಓದಿಸಿ. ಮುಖ ನೋಡಿ ನಗುವವರ ನಗು ಲೆಕ್ಕಕ್ಕಿಲ್ಲ. ವ್ಯಂಗ್ಯ ಇದ್ದರೆ ಈ ಪರೀಕ್ಷೆಯಲ್ಲೇ ಬಯಲಾಗುತ್ತದೆ. ದನಿಯಿಲ್ಲದ ವ್ಯಂಗ್ಯವನ್ನು ಓದುವವರು ನಿಜವೆಂದೇ ತಿಳಿಯುತ್ತಾರೆ.

ಎಲ್ಲಿಗೆ ಬರೆಯುತ್ತೇವೆ ಎಂಬುದನ್ನೂ ನೋಡಬೇಕು. ಷಿಕಾಗೊ ವಿಶ್ವವಿದ್ಯಾಲಯ ತನ್ನ ಹೆಚ್ಚುವರಿ ಪ್ರಬಂಧಕ್ಕೆ ಬೇಕೆಂದೇ ವಿಚಿತ್ರ ಪ್ರಶ್ನೆ ಕೇಳುತ್ತದೆ, ಅಲ್ಲಿ ಉಪಸಂಹಾರದ ಗಾಂಭೀರ್ಯವೇ ನಗೆಪಾಟಲು. ಯುಕಾಸ್ ಅರ್ಜಿ ತದ್ವಿರುದ್ಧ. 2026ರ ಪ್ರವೇಶದಿಂದ ಅಲ್ಲಿ ಮೂರು ನೇರ ಪ್ರಶ್ನೆಗಳು: ಈ ವಿಷಯ ಏಕೆ ಓದಬೇಕು, ಓದು ನಿಮ್ಮನ್ನು ಹೇಗೆ ಸಿದ್ಧಪಡಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಮೂರಕ್ಕೂ ಸೇರಿ 4,000 ಅಕ್ಷರ. ಓದುವವರು ಆ ವಿಷಯದ ಅಧ್ಯಾಪಕರೇ ಇರಬಹುದು, ಅವರಿಗೆ ಬೇಕಾದದ್ದು ವಿಷಯದ ಮೇಲಿನ ಹಿಡಿತ. ನಮ್ಮ ಹುಡುಗಿ ಅಲ್ಲಿಗೆ ಭಾಷಾಶಾಸ್ತ್ರಕ್ಕೆ ಅರ್ಜಿ ಹಾಕಿದರೆ ನಾಯಿಯನ್ನು ಮನೆಯಲ್ಲೇ ಕಟ್ಟಿ, ನೋಟ್‌ಬುಕ್ಕನ್ನು ಮಾತ್ರ ಕೊಂಡೊಯ್ಯಬೇಕು.

ಕೊನೆಗೆ ಏಜೆನ್ಸಿಯವರಿಗೊಂದು ಮಾತು. ಕನ್ನಡ ಶಾಲೆಯ ಮಗುವಿಗೆ ತನ್ನ ಇಂಗ್ಲಿಷನ್ನೇ ಗೇಲಿ ಮಾಡಿಕೊಂಡು ಬರೆಯಲು ಹೇಳಿಕೊಡುತ್ತೀರಿ, "ವಿನಯ ಕಾಣುತ್ತದೆ" ಎನ್ನುತ್ತೀರಿ. ಅದರಲ್ಲಿ ವಿನಯ ಕಾಣುವುದಿಲ್ಲ ಸ್ವಾಮೀ, ಅಂಜಿಕೆ ಕಾಣುತ್ತದೆ. ತಾನು ಮಾಡಿದ್ದನ್ನು ನೆನೆದು ನಗುವುದು ಬೇರೆ, ತಾನು ಕಲಿತ ಶಾಲೆಗೆ ನಾಚಿ ನಗುವುದು ಬೇರೆ. ನಾಲ್ಕು ಭಾಷೆಗಳ ನಡುವೆ ಬೆಳೆದ ಮಗುವಿನ ಬಳಿ ನಗುವಿಗೆ ಬರವಿಲ್ಲ. ಅದನ್ನು ಬರೆಸುವ ಕೆಲಸ ಎಂಟನೇ ತರಗತಿಯ ಪ್ರಬಂಧ ಪುಸ್ತಕದಲ್ಲೇ ಶುರುವಾಗಬೇಕು. ಅಲ್ಲಿ ನಗು ಕಂಡರೆ ಕೆಂಪು ಶಾಯಿ ಹಾಕುವ ಮೊದಲು ಮೇಷ್ಟ್ರುಗಳು ಆ ಸಾಲನ್ನು ಇನ್ನೊಮ್ಮೆ ಓದಲಿ. ಏನಂತೀರಿ?