ಕ್ಯಾನ್ ನೀರಿನ ಬೆಲೆ ತಡೆದು ನಿಲ್ಲಿಸಿದ್ದು ಸೋತವನೇ

ಊರಿನಲ್ಲಿ ಇಬ್ಬರು ಪೈಪೋಟಿಗೆ ಬಿದ್ದು ಬೆಲೆ ಇಳಿಸಿದರೆ ನಾವು ಪತ್ರಕರ್ತರು ಬರೆಯುವ ಸುದ್ದಿ ಒಂದೇ: 'ದರ ಸಮರ, ಗ್ರಾಹಕರಿಗೆ ಹಬ್ಬ'. ನಾವೂ ಹಾಗೆ ಬರೆದವರೇ. ಆದರೆ ಬೆಲೆ ಎಲ್ಲಿಯವರೆಗೆ ಇಳಿಯುತ್ತದೆ, ಅಲ್ಲೇ ಏಕೆ ನಿಲ್ಲುತ್ತದೆ ಎಂದು ಕೇಳಿದವರಲ್ಲ. ಕೇಳಬೇಕಿತ್ತು.

ಒಂದು ತಾಲ್ಲೂಕು ಪೇಟೆಯಲ್ಲಿ 20 ಲೀಟರ್ ಕ್ಯಾನ್ ನೀರು ಮಾರುವ ಎರಡು ಘಟಕಗಳಿವೆ ಎಂದುಕೊಳ್ಳೋಣ. ಒಬ್ಬರಿಗೆ ಸ್ವಂತ ಬೋರ್‌ವೆಲ್ ಇದೆ. ಇನ್ನೊಬ್ಬರು ಟ್ಯಾಂಕರ್ ನೀರು ತರಿಸಿ ಶುದ್ಧ ಮಾಡುತ್ತಾರೆ. ಕರೆಂಟು, ಫಿಲ್ಟರ್ ಸವೆತ, ಮುಚ್ಚಳ, ಮನೆಗೆ ತಲುಪಿಸುವ ಕೂಲಿ ಸೇರಿ ಒಂದು ಹೆಚ್ಚುವರಿ ಕ್ಯಾನ್ ತುಂಬಲು ಬೋರ್‌ವೆಲ್ಲಿನವರಿಗೆ 15 ರೂಪಾಯಿ, ಟ್ಯಾಂಕರಿನವರಿಗೆ 20 ರೂಪಾಯಿ ಬೀಳುತ್ತದೆ. ಕುಡಿಯುವವರಿಗೆ ಎರಡೂ ಒಂದೇ ನೀರು. ಊರಿಗೆ ದಿನಕ್ಕೆ 400 ಕ್ಯಾನ್ ಬೇಕು. ಇಬ್ಬರೂ 35 ರೂಪಾಯಿಗೆ ತಲಾ 200 ಮಾರುತ್ತಿದ್ದಾರೆ.

ಟ್ಯಾಂಕರಿನವರಿಗೆ ಈಗ ದಿನಕ್ಕೆ 3,000 ರೂಪಾಯಿ ಉಳಿಯುತ್ತದೆ. ಅವರು ಬೆಲೆಯನ್ನು 34ಕ್ಕೆ ಇಳಿಸಿದರೆ ಊರೆಲ್ಲ ಅವರ ಕಡೆ ಬರುತ್ತದೆ. ಕ್ಯಾನಿಗೆ 14 ಉಳಿದರೂ 400 ಕ್ಯಾನಿಗೆ 5,600 ಆಯಿತು. ಒಂದು ರೂಪಾಯಿ ಬಿಟ್ಟು ಇಷ್ಟು ಸಿಗುವಾಗ ಯಾರು ಸುಮ್ಮನಿರುತ್ತಾರೆ? ಬೋರ್‌ವೆಲ್ಲಿನವರೂ ಸುಮ್ಮನಿರುವುದಿಲ್ಲ, 33 ಮಾಡುತ್ತಾರೆ. ಹೀಗೆ ಮೆಟ್ಟಿಲಿಳಿಯುತ್ತಾ ಬೆಲೆ 20ಕ್ಕೆ ಬಂದಾಗ ಟ್ಯಾಂಕರಿನವರಿಗೆ ಕ್ಯಾನಿನಲ್ಲಿ ಏನೂ ಉಳಿಯುವುದಿಲ್ಲ. ಬೋರ್‌ವೆಲ್ಲಿನವರು 19 ಎಂದರೆ ಆಟ ಮುಗಿಯಿತು. 400 ಕ್ಯಾನೂ ಅವರದೇ, ದಿನಕ್ಕೆ 1,600 ಅವರ ಕೈಗೆ.

ಅವರು 15ರವರೆಗೆ ಇಳಿಯುವುದಿಲ್ಲ ಎಂಬುದನ್ನು ಗಮನಿಸಿ. ಇಳಿಯಲು ಕಾರಣವೇ ಇಲ್ಲ, ಊರೆಲ್ಲ ಆಗಲೇ ಅವರ ಗಿರಾಕಿ. ಇಬ್ಬರ ಖರ್ಚೂ ಸಮವಾಗಿದ್ದರೆ ಬೆಲೆ ಆ ಖರ್ಚಿಗೇ ಬಂದು ನಿಲ್ಲುತ್ತಿತ್ತು. ಸಮವಿಲ್ಲದಾಗ ಅದು ಹೆಚ್ಚು ಖರ್ಚಿನವರ ಗಡಿಯ ಬಳಿ ನಿಲ್ಲುತ್ತದೆ. ಅಂದರೆ ಊರಿಗೆ ಸಿಕ್ಕ 19 ರೂಪಾಯಿ ಗೆದ್ದವರ ಔದಾರ್ಯವಲ್ಲ. ಅದು ಸೋತವರ 20 ರೂಪಾಯಿ ಖರ್ಚು ಹಾಕಿದ ಬೇಲಿ.

ಈ ಲೆಕ್ಕದ ಮೂಲ ಹಳೆಯದು. ಫ್ರಾನ್ಸಿನ ಕೂರ್ನೊ 1838ರಲ್ಲಿ ಎರಡು ಖನಿಜ ನೀರಿನ ಬುಗ್ಗೆಗಳ ಮಾಲೀಕರ ಉದಾಹರಣೆ ಕೊಟ್ಟು, ಎಷ್ಟು ಮಾರಬೇಕು ಎಂದು ಅವರು ನಿರ್ಧರಿಸುತ್ತಾರೆ ಎಂದ. 1883ರಲ್ಲಿ ಗಣಿತಜ್ಞ ಬರ್ಟ್ರಾಂಡ್ ಆ ಪುಸ್ತಕವನ್ನು ವಿಮರ್ಶಿಸುತ್ತಾ, ಇಬ್ಬರಲ್ಲಿ ಒಬ್ಬ ಬೆಲೆ ಇಳಿಸಿ ಎಲ್ಲ ಗಿರಾಕಿಗಳನ್ನೂ ಸೆಳೆಯಬಹುದಲ್ಲ ಎಂದು ತಕರಾರು ತೆಗೆದ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದೂ ನಮಗೆ ಗೊತ್ತಿರಬೇಕು. ಬೇಸಿಗೆಯಲ್ಲಿ ಬೋರ್‌ವೆಲ್ ಸೊರಗಿ 250 ಕ್ಯಾನ್ ಮಾತ್ರ ತುಂಬಿತು ಎನ್ನಿ. ಉಳಿದ 150 ಮನೆಗಳು ಟ್ಯಾಂಕರಿನವರ ಬಾಗಿಲಿಗೇ ಹೋಗಬೇಕು. ಆಗ ಅವರು 20ಕ್ಕಿಂತ ಹೆಚ್ಚು ಕೇಳಬಹುದು, ಬೋರ್‌ವೆಲ್ಲಿನವರೂ ಅದರ ಹಿಂದೆಯೇ ಏರಿಸಬಹುದು. ಇನ್ನೊಂದು, ಇಬ್ಬರೂ ಒಂದು ಸಂಜೆ ಚಹಾ ಕುಡಿಯುತ್ತಾ 'ಇಬ್ಬರೂ 35ಕ್ಕೇ ನಿಲ್ಲೋಣ' ಎಂದುಕೊಳ್ಳಬಹುದು. ಅಂಥ ಒಪ್ಪಂದಕ್ಕೆ 2002ರ ಸ್ಪರ್ಧಾ ಕಾಯ್ದೆಯಲ್ಲಿ ನಿಷೇಧವಿದೆ. ಡೀಸೆಲ್ ಬೆಲೆ ಏರಿದರೆ ಟ್ಯಾಂಕರಿನವರಿಗೆ ಬೀಳುವ ಪೆಟ್ಟು ದೊಡ್ಡದು, ಬೋರ್‌ವೆಲ್ಲಿನವರಿಗೆ ಚಿಕ್ಕದು. ಆದರೂ ಇಬ್ಬರೂ ಒಂದೇ ದಿನ ಒಂದೇ ಮೊತ್ತ ಏರಿಸಿದರೆ ಅದು ಸಾಕ್ಷ್ಯವಲ್ಲ, ಆದರೆ ಪ್ರಶ್ನೆ ಕೇಳಲು ಸಾಕು.

ನಮ್ಮ ವಾದ ಇಷ್ಟು. ಆ 20 ರೂಪಾಯಿಯಲ್ಲಿ ಯಂತ್ರದ ಸಾಲದ ಕಂತು, ಮಳಿಗೆಯ ಬಾಡಿಗೆ ಸೇರಿಲ್ಲ. ಒಂದೂ ಕ್ಯಾನ್ ಮಾರದಿದ್ದರೂ ಅವನ್ನು ಕಟ್ಟಲೇಬೇಕು. ಹಾಗಾಗಿ ಟ್ಯಾಂಕರಿನವರು ಹೆಚ್ಚು ದಿನ ತಾಳಲಾರರು. ಅವರು ಬಾಗಿಲು ಹಾಕಿದರೂ ಯಂತ್ರ ಅಲ್ಲೇ ಇದ್ದರೆ ಬೋರ್‌ವೆಲ್ಲಿನವರಿಗೆ ಅಳುಕು ಇರುತ್ತದೆ. ಬೆಲೆ ಜಾಸ್ತಿ ಏರಿಸಿದರೆ ಅವರು ಮತ್ತೆ ಬಾಗಿಲು ತೆಗೆಯಬಹುದು. ಯಂತ್ರ ಮಾರಿ ಊರು ಬಿಟ್ಟ ದಿನ ಬೇಲಿಯೂ ಹೋಯಿತು. ಕ್ಯಾನ್ ಮತ್ತೆ 35 ಆಗುವುದನ್ನು ತಡೆಯುವವರಿಲ್ಲ.

ಆದ್ದರಿಂದ ದರ ಸಮರದ ಸುದ್ದಿ ಬೆಲೆ ಇಳಿದ ದಿನಕ್ಕೆ ಮುಗಿಯಬಾರದು. ಎರಡನೆಯವರ ಖರ್ಚೆಷ್ಟು, ಅವರು ಇನ್ನೂ ಇದ್ದಾರೆಯೇ, ಹೋದರೆ ಮರಳಿ ಬರಬಲ್ಲರೇ ಎಂದು ಕೇಳಬೇಕು. ಪಂಚಾಯಿತಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದೂ ಇದೇ ಸುದ್ದಿಯ ಭಾಗ. ಅದು ಓಡುತ್ತಿದ್ದರೆ ಅಲ್ಲಿ ನೀರು ಹಿಡಿಯದವರಿಗೂ ಕ್ಯಾನ್ ಅಗ್ಗವಾಗಿರುತ್ತದೆ.